ಹಿಂದಿನ ಎಡ ಟಯರಿನ ಗಾಳಿ ಎಲ್ಲಿ ಸೋರುತ್ತಿತ್ತು

ಕಾರು ಓಡಿಸಲು ಆರಂಭಿಸಿದ ಮೊದಲ ತಿಂಗಳು, ಪ್ರತಿ ಭಾನುವಾರ ಬೆಳಿಗ್ಗೆ ಟಯರುಗಳು ತಣ್ಣಗಿರುವಾಗಲೇ ಗೇಜಿನಿಂದ ಗಾಳಿಯ ಒತ್ತಡವನ್ನು ಅಳೆದು ಪುಸ್ತಕದಲ್ಲಿ ಬರೆದಿಟ್ಟೆ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ 33 ಪಿಎಸ್‌ಐ ಎಂದಿತ್ತು. ಮೂರು ಟಯರುಗಳು ಹೆಚ್ಚುಕಡಿಮೆ ಅಲ್ಲೇ ನಿಂತಿದ್ದರೆ, ಹಿಂದಿನ ಎಡ ಟಯರು ಮಾತ್ರ 33, 31, 29 ಎಂದು ವಾರವಾರವೂ ಇಳಿಯುತ್ತಿತ್ತು. ನೋಡಲು ಅದು ಉಳಿದವುಗಳಂತೆಯೇ ಇದ್ದುದರಿಂದ, ಬರೆದಿಡದಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ಮೊಳೆ ಚುಚ್ಚಿದೆಯೇ ಎಂದು ಹುಡುಕಿದೆ, ಸಿಗಲಿಲ್ಲ. ವಾಲ್ವಿನ ಮುಚ್ಚಳ ತೆಗೆದು ಅದರ ಬಾಯಿಗೆ ಸೋಪಿನ ನೀರು ಹಚ್ಚಿದಾಗ, ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಪಂಕ್ಚರ್ ಅಂಗಡಿಯವರು ವಾಲ್ವಿನೊಳಗಿನ ಸಣ್ಣ ಪಿನ್ನನ್ನು ಬದಲಿಸಿ ಗಾಳಿ ತುಂಬಿದರು. ಮುಂದಿನ ಎರಡು ಭಾನುವಾರವೂ ಗೇಜು 33 ತೋರಿಸಿತು. ಈಗ ತಿಂಗಳಿಗೊಮ್ಮೆ ಅಳೆಯುತ್ತೇನೆ, ಸ್ಟೆಪ್ನಿಯನ್ನೂ ಬಿಡುವುದಿಲ್ಲ.