42 ಲಕ್ಷ 11 ಲಕ್ಷವಾದ ಕಥೆ: ಒಂದು ಕೇಸ್ ಸ್ಟಡಿ ತಿದ್ದಿದ ಅನುಭವ

"ಏನ್ರೀ, 42 ಲಕ್ಷ ಅಂತ ಇದ್ದದ್ದನ್ನ 11 ಮಾಡಿದ್ರೆ ಯಾರ್ರೀ ನಮ್ಮನ್ನ ಕರೀತಾರೆ?" ತಮ್ಮ ಕೆಲಸದಿಂದ ಕ್ಲೈಂಟಿಗೆ ಆದ ಉಳಿತಾಯ ತೋರಿಸುವ ಕೇಸ್ ಸ್ಟಡಿಯನ್ನು ನಾನು ತಿದ್ದಿಕೊಟ್ಟಾಗ ಕನ್ಸಲ್ಟಿಂಗ್ ಸಂಸ್ಥೆಯ ಪಾಲುದಾರರು ಕೇಳಿದ ಮೊದಲ ಪ್ರಶ್ನೆ ಇದು. ಈಗ ಅದೇ 11 ಲಕ್ಷದ ಕೇಸ್ ಸ್ಟಡಿಯನ್ನು ಅವರೇ ಎಲ್ಲ ಕಡೆ ಹಂಚುತ್ತಿದ್ದಾರೆ. ಹಾಗಾಗಿ ನಡೆದದ್ದನ್ನು ಬರೆಯುವ ಧೈರ್ಯ ಬಂದಿದೆ.

ಪೀಣ್ಯದ ಒಂದು ಪ್ರೆಸ್ ಶಾಪ್. ವಾಹನಗಳಿಗೆ ಶೀಟ್ ಮೆಟಲ್ ಬಿಡಿಭಾಗ ಮಾಡುವವರು. ಒಂದು ಪಾರ್ಟಿನಿಂದ ಇನ್ನೊಂದಕ್ಕೆ ಹೋಗುವಾಗ ಪ್ರೆಸ್‌ನ ಅಚ್ಚು, ಅಂದರೆ ಡೈ, ಬದಲಿಸಬೇಕು. ಎರಡು ದೊಡ್ಡ ಪ್ರೆಸ್‌ಗಳ ಮೇಲೆ ಆ ಬದಲಾವಣೆಯ ಸಮಯ ಇಳಿಸುವ ಕೆಲಸವನ್ನು ಈ ಸಂಸ್ಥೆ ಮಾಡಿತ್ತು. ನನ್ನ ಕೈಗೆ ಬಂದ ಕರಡಿನಲ್ಲಿ ಮೂರು ದೊಡ್ಡ ಅಂಕಿಗಳಿದ್ದವು: ಬದಲಾವಣೆ ಸಮಯ 70% ಇಳಿಕೆ, ರಿಜೆಕ್ಷನ್ 80% ಇಳಿಕೆ, ವರ್ಷಕ್ಕೆ 42 ಲಕ್ಷ ಉಳಿತಾಯ. ಜೊತೆಗೆ ಮಾಲೀಕರ ಹೆಸರಿನಲ್ಲಿ ಒಂದು ಹೊಗಳಿಕೆ.

ಅಂಕಿ ಇದ್ದ ಮಾತ್ರಕ್ಕೆ ಸಾಬೀತಾದಂತೆ ಅಲ್ಲ. ಕರಡಿನ ಪ್ರತಿ ಹೇಳಿಕೆಗೂ ಒಂದು ನಂಬರ್ ಕೊಟ್ಟೆ, ಇಪ್ಪತ್ತರ ಮೇಲೆ ಬಂತು. ಎಕ್ಸೆಲ್‌ನಲ್ಲಿ ಒಂದೊಂದಕ್ಕೂ ಒಂದು ಸಾಲು: ಲೆಕ್ಕ ಹಾಕಿದ್ದು ಹೇಗೆ, ಯಾವ ರಿಜಿಸ್ಟರಿನ ಯಾವ ತಿಂಗಳು, ಆ ರಿಜಿಸ್ಟರ್ ಯಾರ ಕೈಯಲ್ಲಿದೆ, ಹೊರಗೆ ಹೇಳಬಹುದೋ ಇಲ್ಲವೋ. ಖಾಲಿ ಉಳಿದ ಸಾಲು ಕೇಸ್ ಸ್ಟಡಿಯಿಂದ ಹೊರಗೆ. ಕೇಳೋಕೆ ಸುಲಭ, ಆದರೆ ಮೊದಲ ಸುತ್ತಿನಲ್ಲಿ ಅರ್ಧಕ್ಕರ್ಧ ಸಾಲು ಖಾಲಿಯೇ ಇದ್ದವು.

70% ಎಲ್ಲಿಂದ ಬಂತು ನೋಡಿ. "ಮೊದಲು" ಎಂದು ತೋರಿಸಿದ್ದ ಸುಮಾರು 110 ನಿಮಿಷ ಶಿಫ್ಟ್ ಲಾಗ್ ಬುಕ್ಕಿನದು: ಹಳೆ ಪಾರ್ಟಿನ ಕೊನೆಯ ಒಳ್ಳೆ ಪೀಸಿನಿಂದ ಹೊಸ ಪಾರ್ಟಿನ ಮೊದಲ ಒಳ್ಳೆ ಪೀಸಿನ ತನಕ. "ನಂತರ" ಎಂದಿದ್ದ 33 ನಿಮಿಷ ಕನ್ಸಲ್ಟೆಂಟ್ ತೆಗೆದ ವಿಡಿಯೋದ್ದು: ಡೈ ಬಿಚ್ಚಿದಲ್ಲಿಂದ ಹೊಸ ಡೈ ಕ್ಲ್ಯಾಂಪ್ ಆಗುವ ತನಕ. ಮೊದಲ ಪೀಸನ್ನು ಕ್ವಾಲಿಟಿಯವರು ಅಳೆದು ಓಕೆ ಮಾಡುವ ತನಕ ಪ್ರೆಸ್ ನಿಂತೇ ಇರುತ್ತದೆ, ಆ ಇಪ್ಪತ್ತು ಚಿಲ್ಲರೆ ನಿಮಿಷ ವಿಡಿಯೋದಲ್ಲಿ ಇಲ್ಲ. ಎರಡನ್ನೂ ಒಂದೇ ಲಾಗ್ ಬುಕ್ಕಿನಿಂದ, ತಲಾ ಮೂರು ತಿಂಗಳು ತೆಗೆದು ನೋಡಿದರೆ 110 ಇದ್ದದ್ದು 55ರ ಹತ್ತಿರ. ಸರಾಸರಿ ಬಿಟ್ಟು ನಡುವಿನ ಅಂಕಿ ಹಿಡಿದೆ. ಕ್ರೇನ್ ಕೆಟ್ಟ ದಿನದ ಒಂದು ಎಂಟ್ರಿ ಸಾಕು, ಸರಾಸರಿ ಎತ್ತಲೋ ಹೋಗಿಬಿಡುತ್ತದೆ. ಕೊನೆಗೆ ಬರೆದದ್ದು: "ಎರಡು ಪ್ರೆಸ್‌ಗಳಲ್ಲಿ, ಒಳ್ಳೆ ಪೀಸಿನಿಂದ ಒಳ್ಳೆ ಪೀಸಿಗೆ ಲೆಕ್ಕ ಹಿಡಿದರೆ, ಸಮಯ ಅರ್ಧಕ್ಕೆ ಇಳಿದಿದೆ."

ರಿಜೆಕ್ಷನ್ ಇನ್ನೂ ತಮಾಷೆ. 4% ಇದ್ದದ್ದು 0.8% ಆಯ್ತು ಅಂತ ಕರಡು. ರಿಜಿಸ್ಟರ್ ತಿರುವಿದರೆ ಯೋಜನೆಯ ಮಧ್ಯದಲ್ಲಿ "ರೀವರ್ಕ್" ಅಂತ ಹೊಸ ಪುಸ್ತಕ ಶುರುವಾಗಿದೆ! ಮೊದಲು ಅಂಚಿನಲ್ಲಿ ಉಳಿದ ಚೂಪು ಬರ್ ತೆಗೆದು ಸರಿಮಾಡುವ ಪೀಸೂ ರಿಜೆಕ್ಷನ್‌ನಲ್ಲೇ ಇತ್ತು, ಆಮೇಲೆ ಅದು ಬೇರೆ ಪುಸ್ತಕಕ್ಕೆ ಹೋಯಿತು. ಯಾರೂ ಮೋಸ ಮಾಡಿರಲಿಲ್ಲ, ಆಡಿಟ್‌ನವರು ಹೇಳಿದ್ದಕ್ಕೆ ಬೇರೆ ಮಾಡಿದ್ದು. ಎರಡೂ ಪುಸ್ತಕ ಕೂಡಿಸಿದರೆ 4ರಿಂದ 2.6ಕ್ಕೆ ಇಳಿಕೆ, ಅಂದರೆ 35%.

ಇಲ್ಲಿ ಒಂದು ಅಡ್ಡ ಪ್ರಯೋಗ ಮಾಡಿದೆ. ರಿಜಿಸ್ಟರ್ ನಂಬದೆ, ಗುಜರಿಗೆ ಮಾರಿದ ಬಿಲ್ಲಿನ ತೂಕದಿಂದ ರಿಜೆಕ್ಷನ್ ಹಿಡಿಯೋಣ ಅಂತ. ಎರಡು ಸಂಜೆ ಹೋಯಿತು, ಏನೂ ಸಿಗಲಿಲ್ಲ. ಪ್ರೆಸ್ ಶಾಪಿನ ಗುಜರಿಯಲ್ಲಿ ಬಹುಪಾಲು ಶೀಟ್ ಕತ್ತರಿಸಿ ಉಳಿದ ಅಂಚು, ಅದರ ನಡುವೆ ಕೆಟ್ಟ ಪೀಸಿನ ತೂಕ ಕಾಣುವುದೇ ಇಲ್ಲ. ಕೈ ಹಿಡಿದದ್ದು ವಾಹನ ಕಂಪನಿಯ ಸಪ್ಲೈಯರ್ ಪೋರ್ಟಲ್ಲು. ಹತ್ತು ಲಕ್ಷ ಪೀಸಿಗೆ ಎಷ್ಟು ಕೆಟ್ಟವು ಎಂದು ಹೇಳುವ ಅಲ್ಲಿನ ಪಿಪಿಎಂ ಅಂಕಿ ಕ್ಲೈಂಟ್ ಬರೆದದ್ದಲ್ಲ, ಅವರ ಗಿರಾಕಿ ಬರೆದದ್ದು. ಅಲ್ಲೂ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಇಳಿದಿತ್ತು. ವಾಹನ ಕಂಪನಿಯ ಹೆಸರು ಹಾಕುವ ಹಾಗಿಲ್ಲ, ಒಪ್ಪಂದವಿದೆ. ಆದರೆ "ಗಿರಾಕಿಯ ದಾಖಲೆಯೊಂದಿಗೆ ತಾಳೆ ನೋಡಲಾಗಿದೆ" ಎಂಬ ಸಾಲು ಉಳಿಯಿತು.

ಇನ್ನು ದುಡ್ಡು. 42 ಲಕ್ಷದಲ್ಲಿ ಸುಮಾರು 18 ಲಕ್ಷ ಉಳಿಸಿದ ಗಂಟೆಗಳನ್ನು ಮೆಷಿನ್ ಅವರ್ ರೇಟಿಗೆ ಗುಣಿಸಿದ್ದು. ಆದರೆ ಗಂಟೆ ಉಳಿದರೆ ದುಡ್ಡು ಉಳಿದ ಹಾಗಲ್ಲ. ಆ ಗಂಟೆಗೆ ಹೊಸ ಆರ್ಡರ್ ಬರಬೇಕು, ಇಲ್ಲವೇ ಏನಾದರೂ ಖರ್ಚು ನಿಲ್ಲಬೇಕು. ಆರ್ಡರ್ ಬಂದಿರಲಿಲ್ಲ. ಡಿಸ್ಪ್ಯಾಚ್ ರಿಜಿಸ್ಟರ್ ನೋಡಿದೆ, ಹೊರಗೆ ಹೋದ ಪೀಸು ಹೆಚ್ಚುಕಮ್ಮಿ ಅಷ್ಟೇ. ನಿಂತ ಖರ್ಚು ಎರಡು. ಭಾನುವಾರದ ಓಟಿ ನಿಂತಿತ್ತು. ಓಟಿಗೆ ಕಾನೂನಿನ ಪ್ರಕಾರ ದುಪ್ಪಟ್ಟು ಕೂಲಿ, ಅದು ವರ್ಷಕ್ಕೆ 3 ಲಕ್ಷದ ಹತ್ತಿರ. ಹೊರಗೆ ಕೊಡುತ್ತಿದ್ದ ಜಾಬ್ ವರ್ಕ್ ಕಮ್ಮಿಯಾಗಿತ್ತು, ಬಿಲ್ಲುಗಳ ಲೆಕ್ಕದಲ್ಲಿ 5 ಲಕ್ಷದಷ್ಟು. ರಿಜೆಕ್ಷನ್ ಉಳಿತಾಯವನ್ನು ಕರಡಿನಲ್ಲಿ ಮಾರಾಟದ ಬೆಲೆಗೆ ಹಿಡಿದಿದ್ದರು. ಕೆಟ್ಟ ಪೀಸನ್ನು ಗುಜರಿಗೆ ಹಾಕಿದರೂ ಒಂದಷ್ಟು ಕಾಸು ವಾಪಸ್ ಬರುತ್ತದಲ್ಲ! ಅದನ್ನು ಕಳೆದು, ಲೋಹದ ಬೆಲೆ ಮತ್ತು ಕೂಲಿಗೆ ಮಾತ್ರ ಹಿಡಿದರೆ 3 ಲಕ್ಷ. ಒಟ್ಟು 11. ಹೊಸ ಕ್ಲ್ಯಾಂಪ್‌ಗಳಿಗೆ ಹಾಕಿದ ಎರಡೂವರೆ ಲಕ್ಷವನ್ನು ಪಕ್ಕದಲ್ಲೇ ಬರೆದೆ. ಪಾಲುದಾರರಿಗೆ ಅದು ಇನ್ನೂ ನೋವು.

ಮಾಲೀಕರ ಹೊಗಳಿಕೆಯಲ್ಲಿ "ಈ ಬದಲಾವಣೆಯಲ್ಲಿ ಒಬ್ಬ ಕೆಲಸಗಾರನೂ ಬಿಟ್ಟು ಹೋಗಲಿಲ್ಲ" ಅಂತ ಇತ್ತು. ಓದಲು ಚೆನ್ನ. ಪ್ರತಿ ತಿಂಗಳು ಪಿಎಫ್‌ಗೆ ಕಳಿಸುವ ಇಸಿಆರ್ ಫೈಲುಗಳನ್ನು ಒಂದರ ಪಕ್ಕ ಒಂದಿಟ್ಟರೆ ಯಾರ ಹೆಸರು ತಪ್ಪಿದೆ ಗೊತ್ತಾಗುತ್ತದೆ. ಕಾಯಂ ನೌಕರರಲ್ಲಿ ಮಾತು ನಿಜ. ಆದರೆ ಡೈ ಹೊರುವವರು ಗುತ್ತಿಗೆದಾರನ ಜನ, ಅವರ ಪಿಎಫ್ ಅವನ ಹತ್ತಿರ, ಅವನು ಕೊಡಲಿಲ್ಲ. "ಕಾಯಂ ನೌಕರರಲ್ಲಿ" ಎಂಬ ಎರಡು ಪದ ಸೇರಿಸೋಣ ಅಂದೆ. ಮಾಲೀಕರು ಒಪ್ಪಲಿಲ್ಲ. ವಾಕ್ಯ ತೆಗೆದೆ.

ಒಪ್ಪಿಗೆ ಪಡೆಯುವುದರಲ್ಲಿ ನನಗಿಂತ ಮೊದಲಿನವರು ಸೋತದ್ದು ಒಂದೇ ಕಡೆ: ಇಡೀ ಪ್ರತಿ ಮಾಲೀಕರಿಗೆ ಕಳಿಸಿ ಒಂದು ಸಹಿ. ಅವರು ಓದದೇ ಸಹಿ ಹಾಕುತ್ತಾರೆ, ನಾಳೆ ಯಾರಾದರೂ ಫೋನ್ ಮಾಡಿದರೆ "ನೋಡಬೇಕು ಕಣ್ರೀ" ಅನ್ನುತ್ತಾರೆ. ನಾನು ಪ್ರತಿ ಸಾಲನ್ನು ಆ ರಿಜಿಸ್ಟರ್ ಬರೆಯುವವರ ಹತ್ತಿರವೇ ಒಯ್ದೆ. ಟೂಲ್ ರೂಮ್ ಸೂಪರ್‌ವೈಸರ್ ತಮ್ಮ ಸಾಲಿಗೆ, ಕ್ವಾಲಿಟಿಯವರು ತಮ್ಮದಕ್ಕೆ, ಮಾಲೀಕರು ಕೊನೆಗೆ. ಸೂಪರ್‌ವೈಸರ್ ಒಬ್ಬರು, "ಸಾರ್, 33 ನಿಮಿಷ ಅಂದಿದ್ರೆ ನಾನು ಸೈನ್ ಹಾಕ್ತಾ ಇರ್ಲಿಲ್ಲ" ಅಂದರು. ಅಕೌಂಟ್ಸ್‌ನವರಿಂದ ಜಾಬ್ ವರ್ಕ್ ಬಿಲ್ ಹೊರತೆಗೆಸಿದ್ದು ಹೇಗೆ ಅನ್ನೋದನ್ನ ಮಾತ್ರ ಬರೆಯಲ್ಲ, ಅದರಲ್ಲೇ ನನ್ನ ಹೊಟ್ಟೆಪಾಡಿದೆ.

ಬರೀ ಬರೆದುಕೊಡುವವರು ಇದಕ್ಕೆ ಕಮ್ಮಿ ಕೇಳುತ್ತಾರೆ. ನಾನು ಮೂವತ್ತೈದು ಸಾವಿರದ ಆಸುಪಾಸು ತೆಗೆದುಕೊಂಡೆ, ಅರ್ಧ ಮುಂಗಡ. ಉಳಿದರ್ಧ ಬರಲು ತಿಂಗಳುಗಟ್ಟಲೆ ಕಾಯಿಸಿದರು. ಬಂದದ್ದು ಹೊಸೂರಿನ ಒಂದು ಕಂಪನಿಯ ಫೈನಾನ್ಸ್ ಮುಖ್ಯಸ್ಥರು ಈ ಕೇಸ್ ಸ್ಟಡಿ ಹಿಡಿದು ಪೀಣ್ಯಕ್ಕೆ ಹೋದ ಮೇಲೆ. ಅವರು ಓಟಿ ರಿಜಿಸ್ಟರ್ ಕೇಳಿದರು, ಇತ್ತು. ಕ್ಲ್ಯಾಂಪಿನ ಖರ್ಚನ್ನು ನಾವೇ ಬರೆದು ತೋರಿಸಿದ್ದು ಅವರಿಗೆ ಹಿಡಿಸಿತಂತೆ. ಕನ್ಸಲ್ಟಿಂಗ್ ಸಂಸ್ಥೆಗೆ ಅವರ ಆರ್ಡರ್ ಆಯಿತು.

ಈಗ ಹೊಸ ಯೋಜನೆಗಳಿಗೆ ನನ್ನನ್ನು ಕೊನೆಯಲ್ಲಲ್ಲ, ಮೊದಲ ವಾರವೇ ಕರೆಯುತ್ತಾರೆ. ಬದಲಾವಣೆ ಸಮಯ ಎಲ್ಲಿಂದ ಎಲ್ಲಿಗೆ, ರಿಜೆಕ್ಷನ್‌ನಲ್ಲಿ ರೀವರ್ಕ್ ಸೇರಿದೆಯೋ ಇಲ್ಲವೋ, ಇವನ್ನು ಒಂದು ಪುಟದಲ್ಲಿ ಬರೆದು ಕೆಲಸ ಶುರುವಾಗುವ ಮುಂಚೆಯೇ ಸಹಿ ಮಾಡಿಸುತ್ತೇನೆ. ಲಾಗ್ ಬುಕ್ ಗೋಡೌನ್ ಸೇರುವ ಮುಂಚೆ ಬೇಕಾದ ಪುಟಗಳ ಫೋಟೋ, ತಾರೀಖು ಕಾಣುವ ಹಾಗೆ. ಪೀಣ್ಯದ ಆ ಹಳೆ ಪುಸ್ತಕಗಳಲ್ಲಿ ಎರಡಕ್ಕೆ ಆಗಲೇ ಗೆದ್ದಲು ಹತ್ತಿತ್ತು.