ಹಳೆಯ ಮಳಿಗೆಯ ನ್ಯಾಯವಾದ ಬಾಡಿಗೆ: ಹಾಸನದ ಒಂದು ಪ್ರಕರಣದ ನನ್ನ ಅನುಭವ

ಹಳೆಯ ಬಾಡಿಗೆದಾರರು ಯಾರೇ ಬಂದರೂ ನಾನು ಮೊದಲು ಕೇಳುವುದು ಕರಾರು ಪತ್ರವನ್ನಲ್ಲ, ಮಳಿಗೆಯ ಅಳತೆಯನ್ನು. ಹಾಸನದಲ್ಲಿ ವಕೀಲಿ ಮಾಡುವವನಾಗಿ ನಾನು ಕಂಡಂತೆ, ‘ಬಾಡಿಗೆ ಕಾಯಿದೆ ಇದೆ, ನಮ್ಮನ್ನು ಯಾರೂ ಎಬ್ಬಿಸಲಾರರು, ಬಾಡಿಗೆ ಏರಿಸಲಾರರು’ ಎಂಬ ನಂಬಿಕೆ ಹಳೇ ಪೇಟೆಯಲ್ಲಿ ಇಂದಿಗೂ ಗಟ್ಟಿಯಾಗಿದೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದಲ್ಲಿ ಆ ನಂಬಿಕೆಗೆ ಆಧಾರವಿತ್ತು. ಆದರೆ ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಅದರ ರಕ್ಷಣೆ ವ್ಯಾಪಾರದ ಜಾಗಗಳ ಪೈಕಿ 14 ಚದರ ಮೀಟರ್ ಮೀರದ ಪ್ಲಿಂತ್ ವಿಸ್ತೀರ್ಣದವುಗಳಿಗೆ ಮಾತ್ರ. ಹದಿನಾಲ್ಕು ಚದರ ಮೀಟರ್ ಎಂದರೆ ಸುಮಾರು 150 ಚದರ ಅಡಿ.

ಹಾಸನಾಂಬ ದೇವಸ್ಥಾನದ ಕಡೆಗೆ ಹೋಗುವ ಹಳೆಯ ಬೀದಿಯೊಂದರಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರ ಪ್ರಕರಣವನ್ನೇ ಹೇಳುತ್ತೇನೆ. ಅಂಗಡಿ ಅವರ ತಂದೆಯ ಕಾಲದ್ದು. ತಿಂಗಳಿಗೆ 180 ರೂಪಾಯಿ ಬಾಡಿಗೆ. ಮಾಲೀಕರು ಹತ್ತು ಸಾವಿರ ಕೇಳಿ ನೋಟಿಸು ಕೊಡಿಸಿದ್ದರು. ಇವರು ಐನೂರಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಕುಳಿತಿದ್ದರು.

“ವಕೀಲರೇ, ಒಳಗೆ ಹತ್ತಡಿಗೆ ಹದಿನಾಲ್ಕಡಿ ಅಷ್ಟೇ. ನೂರ ನಲವತ್ತು ಚದರ ಅಡಿ. ಕಾಯಿದೆಯ ಒಳಗೇ ಇದ್ದೇವಲ್ಲ?” ಎಂದು ಅವರು ಕೇಳಿದರು. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಅದು ಒಳಗಿನ ನೆಲದ ಲೆಕ್ಕ. ಪ್ಲಿಂತ್ ವಿಸ್ತೀರ್ಣಕ್ಕೆ ಗೋಡೆಯೂ ಸೇರುತ್ತದೆ. ಅದು ಒಂದೂವರೆ ಅಡಿ ದಪ್ಪದ ಹಳೆಯ ಮಣ್ಣಿನ ಗೋಡೆಯ ಕಟ್ಟಡ. ಎರಡು ಪಕ್ಕದ ಗೋಡೆಗಳು ನೆರೆಯ ಅಂಗಡಿಗಳಿಗೂ ಸೇರಿದ್ದರಿಂದ ಎಂಜಿನಿಯರ್ ಅವುಗಳಲ್ಲಿ ಅರ್ಧರ್ಧವನ್ನು ಮಾತ್ರ ಹಿಡಿದರು. ಹಾಗೆ ಅಗಲ ಹನ್ನೊಂದೂವರೆ ಅಡಿಯಾಯಿತು. ಮುಂದಿನ ಮತ್ತು ಹಿಂದಿನ ಗೋಡೆ ಪೂರ್ತಿ ಸೇರಿ ಉದ್ದ ಹದಿನೇಳು ಅಡಿ. ಒಟ್ಟು 195.5 ಚದರ ಅಡಿ, ಅಂದರೆ 18 ಚದರ ಮೀಟರಿಗೂ ತುಸು ಹೆಚ್ಚು. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯಾಗಿದ್ದರೂ ಮಿತಿ ದಾಟುತ್ತಿತ್ತು. ಅಂಚಿನಲ್ಲಿರುವ ಅಂಗಡಿಗಳಿಗೆ ಗೋಡೆಯೇ ನಿರ್ಣಾಯಕವಾಗುತ್ತದೆ. ಆದ್ದರಿಂದ ಮಾತಿನ ಅಳತೆಯ ಮೇಲೆ ನಾನು ಎಂದೂ ಅಭಿಪ್ರಾಯ ಕೊಡುವುದಿಲ್ಲ.

ಅಳತೆ ಮಿತಿಯೊಳಗೆ ಬಂದಿದ್ದರೆ ದಾರಿ ಬೇರೆಯಿತ್ತು. ಆಗ ಕಾಯಿದೆಯ ‘ಪ್ರಮಾಣಿತ ಬಾಡಿಗೆ’ಯ ಲೆಕ್ಕ ಮುಂದೆ ಬರುತ್ತದೆ. ಕಟ್ಟಡ ಕಟ್ಟಲು ಆರಂಭಿಸಿದ ದಿನದ ನಿವೇಶನದ ಬೆಲೆ ಮತ್ತು ಕಟ್ಟಿದ ವೆಚ್ಚ ಕೂಡಿಸಿ, ವರ್ಷಕ್ಕೆ ಅದರ ನೂರಕ್ಕೆ ಹತ್ತು, ಅದರ ಮೇಲೆ ಅನುಸೂಚಿಯಲ್ಲಿ ಹೇಳಿದ ಏರಿಕೆ. ಅಜ್ಜನ ಕಾಲದ ಕಟ್ಟಡಕ್ಕೆ ಕಟ್ಟಿದ ವೆಚ್ಚವನ್ನು ಸಾಬೀತು ಮಾಡುವುದೇ ಇಲ್ಲಿ ದೊಡ್ಡ ಕಷ್ಟ. ಇನ್ನೊಂದು ಸಂಗತಿ: ಕಟ್ಟಡ ಸರ್ಕಾರದ್ದೋ ಧಾರ್ಮಿಕ ಸಂಸ್ಥೆಯದ್ದೋ ಆಗಿದ್ದರೆ ಅಳತೆಯ ಪ್ರಶ್ನೆಗೂ ಮೊದಲು ಅಂಥ ಕಟ್ಟಡಗಳಿಗೆ ಕಾಯಿದೆಯಿಂದ ಇರುವ ವಿನಾಯಿತಿಯನ್ನು ನೋಡಬೇಕಾಗುತ್ತದೆ.

ಕಾಯಿದೆಯ ಹೊರಗೆ ಬಿದ್ದ ಮೇಲೆ ಉಳಿಯುವುದು ಸ್ವತ್ತು ವರ್ಗಾವಣೆ ಅಧಿನಿಯಮ. ಕರಾರಿನ ಅವಧಿ ಎಂದೋ ಮುಗಿದು ತಿಂಗಳ ಲೆಕ್ಕದಲ್ಲಿ ನಡೆಯುತ್ತಿರುವ ಬಾಡಿಗೆಯನ್ನು 106ನೇ ಕಲಮಿನ ಪ್ರಕಾರ ಹದಿನೈದು ದಿನಗಳ ನೋಟಿಸಿನಿಂದ ಕೊನೆಗಾಣಿಸಬಹುದು. ಹಿಂದೆ ನೋಟಿಸಿನ ದಿನಗಳ ಲೆಕ್ಕ ತಪ್ಪಿತೆಂದು ದಾವೆಗಳೇ ಬಿದ್ದುಹೋಗುತ್ತಿದ್ದವು. 2002ರ ಕೊನೆಯಲ್ಲಿ ಬಂದ ತಿದ್ದುಪಡಿಯ ನಂತರ ದಾವೆ ಹೂಡುವ ಹೊತ್ತಿಗೆ ಹದಿನೈದು ದಿನ ಕಳೆದಿದ್ದರೆ ಸಾಕು. ಇದನ್ನು ಕೇಳಿ ಆ ಹಿರಿಯರ ಮುಖ ಬಾಡಿತು. ಆದರೂ ಹೇಳಲೇಬೇಕಿತ್ತು. ತೆರವಿಗೆ ಡಿಕ್ರಿಯಾಗಿ ಮೇಲ್ಮನವಿಯಲ್ಲಿ ತಡೆಯಾಜ್ಞೆ ಕೇಳಿದರೆ, ಮಾರುಕಟ್ಟೆ ದರದಲ್ಲಿ ಹಣ ಕಟ್ಟುವ ಷರತ್ತು ವಿಧಿಸಬಹುದೆಂದು ಸುಪ್ರೀಂ ಕೋರ್ಟ್ 2004ರ ಆತ್ಮಾರಾಮ್ ಪ್ರಾಪರ್ಟೀಸ್ ತೀರ್ಪಿನಲ್ಲಿ ಹೇಳಿದೆ. ಅಲ್ಲಿ ದೆಹಲಿಯ ಜಾಗವೊಂದರ ಬಾಡಿಗೆ 371 ರೂಪಾಯಿ 90 ಪೈಸೆ ಇತ್ತು. ಷರತ್ತಾಗಿ ಬಂದದ್ದು ತಿಂಗಳಿಗೆ 15,000. ವರ್ಷಗಟ್ಟಲೆ ಎಳೆದಾಡಿ ಕಡಿಮೆ ಬಾಡಿಗೆಯಲ್ಲೇ ಕಳೆಯುತ್ತೇನೆ ಎಂಬ ಲೆಕ್ಕ ಈಗ ಕೂಡಿಬರುವುದಿಲ್ಲ.

ಹಾಗೆಂದು ಮಾಲೀಕರು ಕೇಳಿದ ಹತ್ತು ಸಾವಿರ ನ್ಯಾಯವಾಗುವುದಿಲ್ಲ. ಅವರು ತೋರಿಸಿದ್ದು ಎರಡು ಉದಾಹರಣೆಗಳನ್ನು. ಒಂದು, ಹಾಸನಾಂಬ ದರ್ಶನದ ದಿನಗಳಿಗಷ್ಟೇ ಬಿಟ್ಟುಕೊಟ್ಟ ಅಂಗಡಿಯ ಬಾಡಿಗೆ. ವರ್ಷದಲ್ಲಿ ಕೆಲವೇ ದಿನ ತೆರೆಯುವ ಗುಡಿಯ ಜನಸಂದಣಿಯ ಬೆಲೆಯನ್ನು ವರ್ಷವಿಡೀ ಹೊಲಿಗೆ ಯಂತ್ರ ತುಳಿಯುವವರ ಮೇಲೆ ಹೇರುವಂತಿಲ್ಲ. ಇನ್ನೊಂದು ಮೂಲೆಯ ಹೊಸ ಆರ್‌ಸಿಸಿ ಮಳಿಗೆ, ಚದರ ಅಡಿಗೆ 60 ರೂಪಾಯಿ. ಎರಡು ರಸ್ತೆಗೆ ಮುಖವಿರುವ ಮಳಿಗೆಗೂ ಬೀದಿಯ ನಡುವಿನ ಹೆಂಚಿನ ಅಂಗಡಿಗೂ ಹೋಲಿಕೆ ಸಲ್ಲದು.

ಅದೇ ಸಾಲಿನಲ್ಲಿ, ಅಂಥದೇ ಮಂಗಳೂರು ಹೆಂಚಿನ ಕಟ್ಟಡದಲ್ಲಿ, ಹಿಂದಿನ ವರ್ಷ ಹೊಸದಾಗಿ ಬಾಡಿಗೆಗೆ ಹೋದ ಅಂಗಡಿಯೊಂದನ್ನು ನಾವು ಹುಡುಕಿದೆವು. ಒಳಗಿನ ಅಳತೆ 220 ಚದರ ಅಡಿ, ಬಾಡಿಗೆ 6,600, ಮುಂಗಡ 60,000. ಈ ಮುಂಗಡವನ್ನು ಹಲವರು ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಬಡ್ಡಿಯಿಲ್ಲದೆ ಮಾಲೀಕರ ಕೈಯಲ್ಲಿ ಉಳಿಯುವ ಹಣವೂ ಬಾಡಿಗೆಯ ಭಾಗವೇ. ನೂರಕ್ಕೆ ಆರರ ಬಡ್ಡಿ ಹಿಡಿದರೆ ತಿಂಗಳಿಗೆ 300. ಹೀಗಾಗಿ ನಿಜವಾದ ಬಾಡಿಗೆ 6,900, ಚದರ ಅಡಿಗೆ 31 ರೂಪಾಯಿಗೆ ಸ್ವಲ್ಪ ಮೇಲೆ. ನಮ್ಮವರು ಕೊಟ್ಟ ಮುಂಗಡ ಹೆಸರಿಗಷ್ಟೇ ಇತ್ತು. ಆದ್ದರಿಂದ ಮುಂಗಡದ ಬಡ್ಡಿ ಸೇರಿದ ಈ ದರವನ್ನೇ ನಾವು ಒಪ್ಪಿಕೊಳ್ಳುವುದು ಪ್ರಾಮಾಣಿಕವಾಗಿತ್ತು. 140 ಚದರ ಅಡಿಗೆ ಅದು ಸುಮಾರು 4,400 ರೂಪಾಯಿ.

ಅದರಲ್ಲಿ ನಾನು ಕಳೆಯಲು ಕೇಳಿದ್ದು ಒಂದೇ. ರೋಲಿಂಗ್ ಶಟರ್, ನೆಲದ ಹಾಸು, ವಿದ್ಯುತ್ ವೈರಿಂಗ್ ಎಲ್ಲವನ್ನೂ ಹಾಕಿಸಿದ್ದು ಬಾಡಿಗೆದಾರರೇ. ಹೋಲಿಕೆಯ ಅಂಗಡಿಯಲ್ಲಿ ಅವು ಮಾಲೀಕರ ಖರ್ಚಿನವು. ನಮ್ಮ ಹಿರಿಯರು ಕಬ್ಬಿಣದ ಪೆಟ್ಟಿಗೆಯಲ್ಲಿ ಹಳೆಯ ಬಿಲ್ಲುಗಳನ್ನೂ, ಬಾಡಿಗೆಯ ರಸೀದಿಗಳನ್ನೂ, ಮಾಲೀಕರು ಒಮ್ಮೆ ಬಾಡಿಗೆ ಬೇಡವೆಂದಾಗ ಕಳುಹಿಸಿ ಮರಳಿ ಬಂದಿದ್ದ ಮನಿಯಾರ್ಡರ್ ಚೀಟಿಗಳನ್ನೂ ಜೋಪಾನ ಮಾಡಿದ್ದರು. ಬಾಡಿಗೆ ಬಾಕಿ ಇದೆಯೆಂಬ ಆರೋಪ ಆ ಚೀಟಿಗಳ ಮುಂದೆ ನಿಲ್ಲಲಿಲ್ಲ. ಬಿಲ್ಲುಗಳಿಂದಾಗಿ 400 ರೂಪಾಯಿ ಇಳಿಯಿತು.

ನಾಲ್ಕು ಸಾವಿರಕ್ಕೆ ಎರಡೂ ಕಡೆಯವರನ್ನು ತರಲು ನೆರವಾದದ್ದು ಮೊಹಮ್ಮದ್ ಅಹ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಕೊಟ್ಟ ಮಾರ್ಗಸೂಚಿ. ಸುತ್ತಮುತ್ತ ಇತ್ತೀಚೆಗೆ ಬಾಡಿಗೆಗೆ ಹೋದ ಜಾಗಗಳ ದರ ಮತ್ತು ಮೌಲ್ಯಮಾಪನ ವರದಿಯ ಆಧಾರದಲ್ಲಿ ಬಾಡಿಗೆ ನಿಗದಿಯಾಗಬೇಕು, ಮೂರು ವರ್ಷಕ್ಕೊಮ್ಮೆ ನೂರಕ್ಕೆ ಹತ್ತರಷ್ಟು ಏರಬೇಕು, ಹಾಗೆ ಕೊಡುವವರನ್ನು ಕನಿಷ್ಠ ಐದು ವರ್ಷ ತೆರವಿಗೆ ಎಳೆಯಬಾರದು ಎಂಬುದು ಅದರ ತಿರುಳು. ಶಾಸನದಂತೆ ಅದು ಪ್ರತಿ ಪ್ರಕರಣವನ್ನೂ ತಾನಾಗಿ ಕಟ್ಟಿಹಾಕುವುದಿಲ್ಲ. ಮಾಲೀಕರು ಒಪ್ಪದೆ ತೆರವೇ ಬೇಕೆಂದು ಹಟ ಹಿಡಿದಿದ್ದರೆ ನಾನು ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ. ಅವರಿಗೂ ಬೇಕಿದ್ದದ್ದು ಗೌರವದ ಬಾಡಿಗೆ. ನೂರ ಎಂಬತ್ತು ರೂಪಾಯಿಗೆ ಇಷ್ಟು ವರ್ಷ ಸುಮ್ಮನಿದ್ದ ಅವರ ಸಂಕಟವೂ ನಿಜವಾದದ್ದೇ.

ಅಷ್ಟರಲ್ಲಿ ಹೂಡಲಾಗಿದ್ದ ದಾವೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಅಲ್ಲಿನ ಆದೇಶದ ಮೇಲೆ ಮೇಲ್ಮನವಿ ಇಲ್ಲದಿರುವುದರಿಂದ ಪದಪದವನ್ನೂ ಓದಿಸಿ ಸಹಿ ಹಾಕಿಸಿದೆ: ಮೊದಲ ಮೂರು ವರ್ಷ 4,000, ನಂತರ 4,400. ಐದು ವರ್ಷ ತೆರವಿನ ದಾವೆಯಿಲ್ಲ. ಹೆಂಚು, ತೊಲೆಯ ದೊಡ್ಡ ದುರಸ್ತಿ ಮಾಲೀಕರದ್ದು, ಒಳಗಿನ ಚಿಲ್ಲರೆ ಕೆಲಸ ಬಾಡಿಗೆದಾರರದ್ದು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಬೇಕಾದ್ದರಿಂದ ಹೊಸ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದೆವು. ಎಂಜಿನಿಯರ್ ಬರೆದ ನಕ್ಷೆಯನ್ನು, ಗೋಡೆಗಳ ದಪ್ಪ ಸಮೇತ, ಆ ಕರಾರಿಗೇ ಲಗತ್ತಿಸಿದ್ದೇವೆ.