ಪಾರ್ಸಲ್ ನಂಬರಿನ ಕೊನೆಯ ಎರಡು ಅಕ್ಷರ: ಕಲಬುರಗಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಮನೆ ಬದಲಿಸಿ ಕಲಬುರಗಿಗೆ ಬಂದ ಮೇಲೆ ಗ್ಯಾಸ್, ಶಾಲೆ, ಬಾಡಿಗೆ ಕರಾರು ಇವೆಲ್ಲದರ ಬಗ್ಗೆ ಸಂಘಕ್ಕೆ ಫೋನ್ ಮಾಡುತ್ತೀರಿ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ತುಂಬಾ ಬರುತ್ತದೆ. ಹೊರದೇಶದಲ್ಲಿರುವ ಮಗನೋ ತಂಗಿಯೋ ಒಂದು ಪಾರ್ಸಲ್ ಕಳಿಸಿರುತ್ತಾರೆ, ವಾಟ್ಸಾಪಿನಲ್ಲಿ ಒಂದು ನಂಬರ್ ಬಂದಿರುತ್ತದೆ, ಅದನ್ನು ಎಲ್ಲಿ ಹಾಕಿ ನೋಡಬೇಕು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಈ ಬರಹ.

ಕಳೆದ ವರ್ಷ ಶಿವಮೊಗ್ಗ ಕಡೆಯ ಒಂದು ಕುಟುಂಬ ಇಲ್ಲಿಗೆ ಬಂತು. ಯಜಮಾನರಿಗೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕೆಲಸ, ಮಗ ಜ್ಯೂರಿಕ್‌ನಲ್ಲಿ ಓದುತ್ತಿದ್ದಾನೆ. ಒಂದು ಸಂಜೆ ಆ ತಾಯಿ ಫೋನ್ ಮಾಡಿದರು. "ಸಾರ್, ಮಗ ಸ್ವಿಟ್ಜರ್ಲೆಂಡಿಂದ ಕಳಿಸಿದೀನಿ ಅಂತಾನೆ. ನಂಬರಿನ ಕೊನೆಗೆ CH ಅಂತಿದೆ. ಇದು ಚೀನಾದ್ದು ಅಲ್ವಾ? ಬೇರೆ ಯಾರದೋ ನಂಬರ್ ಕೊಟ್ಟುಬಿಟ್ರಾ ಅಂತ ಭಯ ಆಗಿದೆ." ಪಾಪ, ಎರಡು ದಿನ ಚೀನಾ ಅಂಚೆಯ ಪುಟದಲ್ಲೇ ಹುಡುಕಿದ್ದರು. ಅಲ್ಲಿ ಏನೂ ಸಿಗಲಿಲ್ಲ, ಸಿಗುವುದೂ ಇಲ್ಲ, ಯಾಕೆಂದರೆ CH ಅಂದರೆ ಸ್ವಿಟ್ಜರ್ಲೆಂಡೇ. ಆ ದೇಶದ ಲ್ಯಾಟಿನ್ ಹೆಸರು ಕಾನ್ಫೆಡರೇಶಿಯೋ ಹೆಲ್ವೆಟಿಕಾ, ಅದರ ಮೊದಲಕ್ಷರಗಳು ಅವು. ಚೀನಾದ ಅಕ್ಷರ CN.

ಈ ನಂಬರಿಗೆ ಒಂದು ನಿಯಮ ಇದೆ. ವಿಶ್ವ ಅಂಚೆ ಒಕ್ಕೂಟ ಅಂತ ಒಂದು ಸಂಸ್ಥೆ ಇದೆ, 1874ರಲ್ಲಿ ಹುಟ್ಟಿದ್ದು, ಕಚೇರಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲೇ ಇದೆ. ಅದು ಮಾಡಿದ S10 ಎಂಬ ನಿಯಮದ ಪ್ರಕಾರ ನಂಬರಿನಲ್ಲಿ ಒಟ್ಟು 13 ಅಕ್ಷರ ಮತ್ತು ಅಂಕಿ ಇರಬೇಕು. ಮೊದಲು ಎರಡು ಅಕ್ಷರ, ಆಮೇಲೆ ಒಂಬತ್ತು ಅಂಕಿ, ಕೊನೆಗೆ ಎರಡು ಅಕ್ಷರ. ನಮ್ಮ ಆ ತಾಯಿಗೆ ಬಂದ ನಂಬರಿನ ಬದಲು ನಾನೇ ಕಟ್ಟಿದ ಒಂದು ನಂಬರ್ ಇಟ್ಟುಕೊಂಡು ಹೇಳುತ್ತೇನೆ:

```
RR205183646CH
```

ಮೊದಲ ಎರಡು ಅಕ್ಷರ ಯಾವ ಬಗೆಯ ಟಪಾಲು ಅಂತ ಹೇಳುತ್ತವೆ. R ಇಂದ ಶುರುವಾದರೆ ರಿಜಿಸ್ಟರ್, C ಆದರೆ ಪಾರ್ಸಲ್, E ಆದರೆ ತ್ವರಿತ ಅಂಚೆ. U ಇಂದ ಶುರುವಾದರೆ ಮಾತ್ರ ಸ್ವಲ್ಪ ತಾಳ್ಮೆ ಇರಲಿ. ಅದು ದಾರಿಯುದ್ದಕ್ಕೂ ಗುರುತು ಹಾಕದ ಸಾದಾ ಟಪಾಲು, ಅದನ್ನು ಎಲ್ಲಿ ಹಾಕಿ ನೋಡಿದರೂ ಹೆಚ್ಚಿನ ಸಲ ಏನೂ ಕಾಣುವುದಿಲ್ಲ, ಹಾಗಂತ ಅದು ಕಳೆದುಹೋಗಿದೆ ಅಂತಲ್ಲ.

ಕೊನೆಯ ಎರಡು ಅಕ್ಷರ ದೇಶದ್ದು. ಈ ನಂಬರನ್ನು ಯಾವ ದೇಶದ ಅಂಚೆ ಕೊಟ್ಟಿತೋ ಆ ದೇಶ. ಪಾರ್ಸಲ್ ಮುಂಬೈಗೆ ಬಂದರೂ ಬೆಂಗಳೂರಿಗೆ ಬಂದರೂ, ಕೊನೆಗೆ ನಿಮ್ಮ ಬಾಗಿಲಿಗೆ ಬಂದರೂ ಇದು ಬದಲಾಗುವುದಿಲ್ಲ. ಹಾಗಾಗಿ ಭಾರತಕ್ಕೆ ಬರುವ ಪಾರ್ಸಲ್ ಅಂತ IN ಹುಡುಕಬೇಡಿ. ಹೋಗುವ ಊರಿನ ಸುದ್ದಿ ಈ ನಂಬರಿನಲ್ಲಿ ಇಲ್ಲವೇ ಇಲ್ಲ.

ಜನ ಎಡವುವುದು ಇಂಥ ಕಡೆ. ನಮ್ಮ ಭಾಗದವರು ಜಾಸ್ತಿ ಇರುವುದು ಗಲ್ಫ್‌ನಲ್ಲಿ, ಅಲ್ವಾ? ದುಬೈ, ಅಬುಧಾಬಿಯಿಂದ ಬಂದದ್ದಕ್ಕೆ AE ಅಂತ ಇರುತ್ತದೆ, DU ಅಲ್ಲ. ಸೌದಿಗೆ SA. ಇದನ್ನು ಸೌತ್ ಆಫ್ರಿಕಾ ಅಂತ ಓದಿದವರು ಇದ್ದಾರೆ, ಅದರ ಅಕ್ಷರ ZA. ಕತಾರ್ QA, ಕುವೈತ್ KW, ಒಮಾನ್ OM. ಜರ್ಮನಿ DE, ಡೆನ್ಮಾರ್ಕ್ DK. ಆಸ್ಟ್ರೇಲಿಯಾ AU, ಆಸ್ಟ್ರಿಯಾ AT. ಕೆನಡಾ CA. ಇಂಗ್ಲೆಂಡಿನದು GB. ಈ ಕೊನೆಯದನ್ನು ಗಟ್ಟಿಯಾಗಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಆ ಒಂಬತ್ತು ಅಂಕಿ. ಅದರಲ್ಲಿ ಮೊದಲ ಎಂಟು ಕ್ರಮಸಂಖ್ಯೆ. ಒಂಬತ್ತನೆಯದು ತಾಳೆ ನೋಡುವ ಅಂಕಿ. ಮನೆಯಲ್ಲೇ ಪೆನ್ನು ಹಿಡಿದು ಲೆಕ್ಕ ಮಾಡಬಹುದು, ಮಕ್ಕಳಿಗೆ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ. ಎಂಟು ಅಂಕಿಗಳ ಕೆಳಗೆ 8, 6, 4, 2, 3, 5, 9, 7 ಅಂತ ಬರೆದು ಗುಣಿಸಿ:

```
2   0   5   1   8   3   6   4
8   6   4   2   3   5   9   7
16  0   20  2   24  15  54  28
```

ಕೆಳಗಿನ ಸಾಲು ಕೂಡಿಸಿದರೆ 159. ಇದನ್ನು 11ರಿಂದ ಭಾಗಿಸಿ. 11 ಹದಿನಾಲ್ಕಲೆ 154, ಉಳಿದದ್ದು 5. ಹನ್ನೊಂದರಲ್ಲಿ ಐದು ಕಳೆದರೆ 6. ನಮ್ಮ ನಂಬರಿನ ಒಂಬತ್ತನೇ ಅಂಕಿಯೂ 6, ಸರಿಹೋಯಿತು. ಕಳೆದಾಗ 10 ಬಂದರೆ 0 ಅಂತ ಇಟ್ಟುಕೊಳ್ಳಿ, 11 ಬಂದರೆ 5.

ಇದರ ಉಪಯೋಗ ಏನು ಅಂದರೆ, ಫೋನಿನಲ್ಲಿ ಕೇಳಿ ಬರೆದುಕೊಳ್ಳುವಾಗ ಅಂಕಿಗಳು ಅದಲುಬದಲಾಗುತ್ತವೆ. ಇದೇ ನಂಬರಿನಲ್ಲಿ 83 ಇರುವಲ್ಲಿ 38 ಅಂತ ಬರೆದುಕೊಂಡರೆ ಮೊತ್ತ 169 ಆಗುತ್ತದೆ, ಉಳಿಯುವುದು 4, ತಾಳೆಯ ಅಂಕಿ 7 ಆಗಬೇಕಿತ್ತು, ಆದರೆ ನಂಬರಿನಲ್ಲಿ 6 ಇದೆ. ಅಂದರೆ ಬರೆದುಕೊಂಡದ್ದು ತಪ್ಪು, ಕಳಿಸಿದವರ ಹತ್ತಿರ ರಸೀದಿಯ ಫೋಟೋ ತರಿಸಿಕೊಳ್ಳಿ. ಒಂದು ಮಾತು ಮಾತ್ರ ಗಮನಿಸಿ. ಈ ಲೆಕ್ಕದಲ್ಲಿ ಕೊನೆಯ ಎರಡು ಅಕ್ಷರ ಸೇರುವುದೇ ಇಲ್ಲ. CH ಬದಲು CN ಅಂತ ಬರೆದುಕೊಂಡರೂ ಲೆಕ್ಕ ಸರಿಯಾಗೇ ಬರುತ್ತದೆ. ಹಾಗಾಗಿ ದೇಶದ ಅಕ್ಷರವನ್ನು ಕಣ್ಣಿಂದಲೇ ಎರಡು ಸಲ ನೋಡಬೇಕು.

ನಾನು ಆ ತಾಯಿಗೆ ಸ್ವಿಸ್ ಅಂಚೆಯ ಪುಟ ತೆಗೆಸಿದೆ. ನಂಬರ್ ಹಾಕಿದ ಕೂಡಲೇ ಎಲ್ಲ ಕಂಡಿತು, ಯಾವ ದಿನ ಕೌಂಟರಿಗೆ ಕೊಟ್ಟಿದ್ದು, ಯಾವ ದಿನ ದೇಶ ಬಿಟ್ಟಿದ್ದು. ಭಾರತೀಯ ಅಂಚೆಯ ಪುಟದಲ್ಲಿ ಆವತ್ತು ಏನೂ ಇರಲಿಲ್ಲ. ಅದು ಸಹಜ. ಪಾರ್ಸಲ್ ಇಲ್ಲಿನ ವಿದೇಶಿ ಅಂಚೆ ಕಚೇರಿಗೆ ಬಂದು ಸ್ಕ್ಯಾನ್ ಆಗುವವರೆಗೆ ನಮ್ಮ ಕಡೆ ಸುದ್ದಿ ಇರುವುದಿಲ್ಲ. ಅಲ್ಲಿವರೆಗೆ ಕೊನೆಯ ಎರಡು ಅಕ್ಷರದ ದೇಶದ ಪುಟ ನೋಡಿ, ಬಂದ ಮೇಲೆ ನಮ್ಮ ಪುಟ ನೋಡಿ. ನಂಬರ್ ಎರಡೂ ಕಡೆ ಅದೇ.

ಈಗ ಸ್ವಲ್ಪ ತೊಡಕಿನ ಮಾತು. ಎರಡು ಅಕ್ಷರ ಹೇಳುವುದು ನಂಬರ್ ಕೊಟ್ಟ ಅಂಚೆ ಯಾವುದು ಅಂತ ಅಷ್ಟೇ. ಸಾಮಾನು ಎಲ್ಲಿ ತಯಾರಾಯಿತು, ಎಲ್ಲಿಂದ ಹೊರಟಿತು ಅಂತ ಅದು ಹೇಳುವುದಿಲ್ಲ. ಆನ್‌ಲೈನಿನಲ್ಲಿ ಚೀನಾದ ವ್ಯಾಪಾರಿಯಿಂದ ಏನಾದರೂ ತರಿಸಿದರೆ ಕೆಲವು ಸಲ ಕೊನೆಗೆ SG, MY, NL ಅಥವಾ SE ಇರುತ್ತದೆ. ಸಿಂಗಪುರ, ಮಲೇಷ್ಯಾ, ನೆದರ್ಲೆಂಡ್ಸ್, ಸ್ವೀಡನ್ ಅಂತ. ವ್ಯಾಪಾರಿ ಆ ದೇಶದ ಅಂಚೆಯ ಸೇವೆ ಕೊಂಡಿರುತ್ತಾನೆ, ಅದಕ್ಕೆ ಹಾಗೆ. ಅದನ್ನು ನೋಡಿ ಮೋಸ ಅಂತ ಗಾಬರಿ ಬೇಡ. ಆದರೆ ಹುಡುಕುವುದು ಮಾತ್ರ ಆ ಅಕ್ಷರದ ಅಂಚೆಯಲ್ಲೇ.

IN ಅಂತ ಮುಗಿದರೆ ಅದು ನಮ್ಮದೇ ಅಂಚೆ. ದೇಶದೊಳಗಿನ ಸ್ಪೀಡ್ ಪೋಸ್ಟಿಗೂ ಇದೇ ಮಾದರಿಯ ನಂಬರ್ ಇರುತ್ತದೆ. ಬೆಂಗಳೂರಿಂದ ಬಂದ ಬ್ಯಾಂಕ್ ಕಾರ್ಡಿನ ಕವರ್ ಮೇಲೆ ನೋಡಿ, ಕೊನೆಗೆ IN ಕಾಣುತ್ತದೆ. ಒಮ್ಮೆ ಒಬ್ಬರು ಭಾವ ದುಬೈಯಿಂದ ಕಳಿಸಿದ್ದು ಅಂತ ತೋರಿಸಿದ ನಂಬರಿನಲ್ಲಿ IN ಇತ್ತು. ವಿಚಾರಿಸಿದರೆ ಭಾವನ ಗೆಳೆಯರು ಊರಿಗೆ ಬರುವಾಗ ತಂದು ಮುಂಬೈಯಲ್ಲಿ ಪೋಸ್ಟ್ ಮಾಡಿದ್ದರು. ನಂಬರ್ ಸರಿಯೇ ಹೇಳಿತ್ತು.

ಖಾಸಗಿ ಕೊರಿಯರಿಗೆ ಇದು ಯಾವುದೂ ಅನ್ವಯಿಸುವುದಿಲ್ಲ. ಬರೀ ಅಂಕಿಗಳೇ ಇದ್ದರೆ, ಅಥವಾ 13ಕ್ಕಿಂತ ಕಡಿಮೆ ಜಾಸ್ತಿ ಇದ್ದರೆ, ಈ ವಿಧಾನ ಬಿಟ್ಟು ಯಾವ ಕಂಪನಿ ಅಂತ ಕಳಿಸಿದವರನ್ನೇ ಕೇಳಿ.

GB ನೆನಪಿಡಿ ಅಂದಿದ್ದೆ. ನನಗೆ ತುಂಬಾ ಬೇಸರ ತರಿಸಿದ ವಿಷಯ ಇದು. ನಮ್ಮ ಬಡಾವಣೆಗೆ ಹೊಸದಾಗಿ ಬಂದ ಒಬ್ಬ ಹೆಣ್ಣುಮಗಳಿಗೆ ಫೇಸ್‌ಬುಕ್ಕಿನಲ್ಲಿ ಪರಿಚಯವಾದವನೊಬ್ಬ ಲಂಡನ್ನಿಂದ ಉಡುಗೊರೆ ಕಳಿಸಿದ್ದೇನೆ ಅಂದ. ನಂಬರನ್ನೂ ಕಳಿಸಿದ. ಮರುದಿನ ಯಾರೋ ಫೋನ್ ಮಾಡಿ ಪಾರ್ಸಲ್ ಕಸ್ಟಮ್ಸಿನಲ್ಲಿದೆ, ಈ ಖಾತೆಗೆ ದುಡ್ಡು ಹಾಕಿ ಅಂದರು. ಪುಣ್ಯಕ್ಕೆ ಆಕೆ ಹಾಕುವ ಮೊದಲು ನಮ್ಮ ಮನೆಗೆ ಬಂದರು. ನಂಬರಿನ ಕೊನೆಗೆ UK ಅಂತ ಇತ್ತು. ಇಂಗ್ಲೆಂಡಿನ ಅಂಚೆ ನಂಬರ್ UK ಅಂತ ಮುಗಿಯುವುದಿಲ್ಲ, GB ಅಂತಲೇ ಮುಗಿಯಬೇಕು. ತಾಳೆಯ ಲೆಕ್ಕ ಹಾಕಿದರೆ ಅದೂ ತಪ್ಪಿತ್ತು. "ಅಕ್ಕಾರ, ಒಂದು ರೂಪಾಯಿನೂ ಹಾಕಬ್ಯಾಡ್ರಿ" ಅಂತ ನನ್ನ ಹೆಂಡತಿಯೇ ಅವರ ಕೈಯಿಂದ ಫೋನ್ ಇಸಿದುಕೊಂಡು ಆ ನಂಬರ್ ಬ್ಲಾಕ್ ಮಾಡಿದಳು.

ಆದರೆ ನಂಬರ್ ಸರಿ ಇದ್ದ ಮಾತ್ರಕ್ಕೆ ನಂಬಬೇಡಿ. ಬೇರೆ ಯಾರದೋ ನಿಜವಾದ ನಂಬರನ್ನು ಕಳಿಸಲು ಕಳ್ಳರಿಗೆ ಕಷ್ಟವಿಲ್ಲ. ಹಾಗಿದ್ದರೆ ಟ್ರ್ಯಾಕ್ ಮಾಡಿ ಎಲ್ಲಿಗೆ ಹೋಗುತ್ತಿದೆ ಅಂತ ನೋಡಿ, ಬೇರೆ ದೇಶವೋ ಬೇರೆ ಊರೋ ಕಂಡರೆ ಅದು ನಿಮ್ಮದಲ್ಲ. ಅಂಚೆಯಲ್ಲಿ ಬಂದ ಪಾರ್ಸಲಿಗೆ ಕಸ್ಟಮ್ಸ್ ಸುಂಕ ಬಿದ್ದಿದ್ದರೆ ಅದನ್ನು ಪಾರ್ಸಲ್ ಕೈಗೆ ತೆಗೆದುಕೊಳ್ಳುವಾಗ ಅಂಚೆಯವರಿಗೇ ಕೊಡುವುದು. ಫೋನಿನಲ್ಲಿ ಯಾರೋ ಹೇಳಿದ ಖಾತೆಗೆ ಅಲ್ಲ.

ವಿಳಾಸದ ಬಗ್ಗೆ ಒಂದು ಮಾತು. ನಮ್ಮ ಊರಿನ ಹೆಸರು 2014ರಲ್ಲಿ ಅಧಿಕೃತವಾಗಿ ಕಲಬುರಗಿ ಆಯಿತು, ಆದರೂ ಹೊರಗಿನವರು ಇನ್ನೂ ಗುಲ್ಬರ್ಗಾ ಅಂತ ಬರೆಯುತ್ತಾರೆ. ಪಿನ್ ಕೋಡ್ ಸರಿ ಇದ್ದರೆ ಚಿಂತೆ ಇಲ್ಲ. ಪ್ರಧಾನ ಅಂಚೆ ಕಚೇರಿಯದು 585101, ನಿಮ್ಮ ಬಡಾವಣೆಯದು ಬೇರೆ ಇರಬಹುದು, ಪೋಸ್ಟ್‌ಮ್ಯಾನ್‌ನನ್ನೇ ಕೇಳಿಬಿಡಿ. ಕಳಿಸುವವರಿಗೆ ನಿಮ್ಮ ಮೊಬೈಲ್ ನಂಬರನ್ನೂ ವಿಳಾಸದ ಜೊತೆ ಬರೆಯಲು ಹೇಳಿ.

ಇಷ್ಟಾದರೂ ಪಾರ್ಸಲ್ ಬರಲಿಲ್ಲ ಅಂದರೆ ದೂರು ಎಲ್ಲಿಂದ ಶುರುವಾಗಬೇಕು ಅನ್ನುವುದನ್ನೂ ಆ ಎರಡು ಅಕ್ಷರವೇ ಹೇಳುತ್ತವೆ. CH ಅಂತಿದ್ದರೆ ಜ್ಯೂರಿಕ್‌ನಲ್ಲಿರುವ ಮಗನೇ ಅಲ್ಲಿನ ಅಂಚೆಯಲ್ಲಿ ವಿಚಾರಣೆ ಹಾಕಬೇಕು, ಅವರು ನಮ್ಮ ಅಂಚೆಯನ್ನು ಕೇಳುತ್ತಾರೆ. ನೀವು ಇಲ್ಲಿ ಕೌಂಟರಿನ ಮುಂದೆ ನಿಂತು ಕೇಳುವುದಕ್ಕಿಂತ ಅದಕ್ಕೆ ಬೇಗ ಉತ್ತರ ಬರುತ್ತದೆ. ರಿಜಿಸ್ಟರ್ ಮತ್ತು ಪಾರ್ಸಲಿಗೆ ಕಳಿಸಿದ ದಿನದಿಂದ ಆರು ತಿಂಗಳೊಳಗೆ ಈ ವಿಚಾರಣೆ ಹಾಕಬೇಕು, ಅದಕ್ಕೆ ಅಲ್ಲಿಯ ರಸೀದಿ ಬೇಕೇ ಬೇಕು. ಪಾರ್ಸಲ್ ಕೈ ಸೇರುವವರೆಗೆ ಅದನ್ನು ಎಸೆಯಬೇಡ ಅಂತ ಮಗನಿಗೆ ಇವತ್ತೇ ಹೇಳಿಡಿ.